ಡಿಸೆಂಬರಿನಲ್ಲಿ ಬಂದವನಿಗೆ

— ಓದಮ್ಮ, ಏನು ಬರೆದಿದ್ದೀಯ ನೋಡೋಣ.

— "ನಮ್ಮ ಶಾಲೆಯೆಂಬ ಹೂದೋಟಕ್ಕೆ ಹೊಸ ಹೂವಾಗಿ ಆಗಮಿಸಿರುವ ಪ್ರೀತಿಯ ವಿದ್ಯಾರ್ಥಿಗೆ ಹಾರ್ದಿಕ ಸುಸ್ವಾಗತ. ನಾಲ್ಕನೇ ತರಗತಿಯ ಶಿಕ್ಷಕಿಯಾಗಿ ನಿನ್ನನ್ನು ಬರಮಾಡಿಕೊಳ್ಳಲು ಅಪಾರ ಹರ್ಷವಾಗುತ್ತಿದೆ. ನಿನ್ನ ಉಜ್ವಲ ಭವಿಷ್ಯಕ್ಕೆ..."

— ಸಾಕು. ಇದನ್ನ ಹುಡುಗನಿಗೆ ಬರೆದೆಯೋ, ಬಿ.ಇ.ಓ. ಸಾಹೇಬರಿಗೋ?

— ಹುಡುಗನಿಗೇ ಮೇಡಂ. ನೀವು ರಿಟೈರ್ ಆದ ಮೇಲೆ ಇಂಥದ್ದಕ್ಕೆ ಕೇಳೋಕೆ ನನಗೆ ಬೇರೆ ಯಾರೂ ಇಲ್ಲ. ಜೂನ್‌ನಲ್ಲಾದರೆ ಪ್ರಾರಂಭೋತ್ಸವ ಇರುತ್ತೆ, ತೋರಣ ಕಟ್ತೀವಿ, ಸಿಹಿ ಮಾಡ್ತೀವಿ. ಇವನು ಡಿಸೆಂಬರಿನಲ್ಲಿ ಬಂದಿದ್ದಾನೆ. ಏನೂ ಇಲ್ಲದೆ ಸುಮ್ಮನೆ ಒಳಗೆ ಕೂರಿಸೋದು ಹೇಗೆ ಅಂತ ಒಂದು ಪತ್ರ ಬರೆಯೋಣ ಅನ್ನಿಸಿತು.

— ಅನ್ನಿಸಿದ್ದು ಸರಿಯಾಗೇ ಇದೆ. ಹೂವು ಗೀವು ಬಿಡು. ಯಾರು ಇವನು?

— ಯಾದಗಿರಿ ಜಿಲ್ಲೆ, ಸುರಪುರದ ಕಡೆಯ ಹಳ್ಳಿ. ಅಪ್ಪ ಅಮ್ಮ ದೀಪಾವಳಿ ಆದ ಮೇಲೆ ಗುಳೆ ಬಂದಿದ್ದಾರೆ, ನಮ್ಮೂರಾಚೆ ಇಟ್ಟಿಗೆ ಗೂಡಿನಲ್ಲಿ ಕೆಲಸ. ನಿನ್ನೆ ಅಪ್ಪ ಕರಕೊಂಡು ಬಂದಿದ್ದರು. ಅವರ ಕೈಯಲ್ಲಿ ಹುಡುಗನ ಆಧಾರ್ ಕಾರ್ಡ್ ಬಿಟ್ಟರೆ ಇನ್ನೇನೂ ಇರಲಿಲ್ಲ.

— ಹಾಗಾದರೆ ಇವನೊಬ್ಬನೇ ಅಲ್ಲ. ಮಳೆ ನಿಂತ ಮೇಲೇ ಹಸಿ ಇಟ್ಟಿಗೆ ಒಣಗೋದು. ಅದಕ್ಕೇ ಅನುಗೊಂಡನಹಳ್ಳಿ ಸುತ್ತ, ಆಚೆ ಮಾಲೂರಿನ ಕಡೆ, ಗೂಡಿನ ಕೆಲಸ ಶುರುವಾಗೋದು ಕಾರ್ತಿಕ ಕಳೆದ ಮೇಲೆ. ಯಾದಗಿರಿ ಕಡೆಯಿಂದ ಮೇಸ್ತ್ರಿ ಮುಂಗಡ ಕೊಟ್ಟು ಜನ ಕರಕೊಂಡು ಬರ್ತಾನೆ, ಮಕ್ಕಳೂ ಜೊತೆಗೆ ಬರ್ತವೆ. ನಮ್ಮ ಶಾಲೆಯ ವರ್ಷ ಜೂನ್‌ನಿಂದ ಏಪ್ರಿಲ್. ಗೂಡಿನ ವರ್ಷ ಡಿಸೆಂಬರಿಂದ ಮುಂದಿನ ಮಳೆಯವರೆಗೆ. ಎರಡೂ ಒಂದಕ್ಕೊಂದು ಕೂಡೋದೇ ಇಲ್ಲ. ಜನವರಿ ಕಳೆಯೋ ಹೊತ್ತಿಗೆ ಇನ್ನೂ ಒಬ್ಬಿಬ್ಬರು ಬರ್ತಾರೆ, ನೋಡ್ತಿರು. ಅಡ್ಮಿಷನ್ ಆಯ್ತಾ?

— ಅಲ್ಲೇ ಸಿಕ್ಕಿಹಾಕಿಕೊಂಡೆ. ಟಿ.ಸಿ. ಬರಲಿ, ಆಮೇಲೆ ಕೂರಿಸೋಣ ಅಂತ ಒಬ್ಬರು ಹೇಳಿದರು.

— ಕೂರಿಸಿಕೊಂಡೇ ಟಿ.ಸಿ.ಗೆ ಕಾಯಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಸೆಕ್ಷನ್ ತೆಗೆದು ತೋರಿಸು. ವರ್ಗಾವಣೆ ಪತ್ರ ತಡವಾಯ್ತು ಅಂತ ಪ್ರವೇಶ ತಡೆಯೋ ಹಾಗಿಲ್ಲ, ನಿರಾಕರಿಸೋ ಹಾಗೂ ಇಲ್ಲ. ಟಿ.ಸಿ. ಕೊಡೋದನ್ನ ತಡ ಮಾಡಿದ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮ ಅಂತಲೂ ಅಲ್ಲೇ ಇದೆ. ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸೋ ಹಾಗಿಲ್ಲ, ಅದು ಹದಿನಾಲ್ಕನೇ ಸೆಕ್ಷನ್. ಹದಿನೈದನೆಯದು ನೇರ ನಿನ್ನ ಹುಡುಗನದೇ. ಪ್ರವೇಶದ ಅವಧಿ ಮುಗಿದ ಮೇಲೆ ಬಂದರೂ ಸೇರಿಸಿಕೊಳ್ಳಬೇಕು.

— ಎಚ್.ಎಂ. ಅವರೂ ಅದನ್ನೇ ಹೇಳಿ ಕೂರಿಸಿಕೊಂಡರು. ಆದರೆ ಸ್ಯಾಟ್ಸ್‌ನಲ್ಲಿ ಹೆಸರು ಏರಿಸೋಕೆ ಹಳೇ ನಂಬರ್ ಬೇಕಲ್ಲ ಮೇಡಂ. ಹೊಸ ನಂಬರ್ ಮಾಡಿಬಿಡೋಣ ಅಂತ ಇದ್ದೆ.

— ಅದನ್ನ ಮಾತ್ರ ಮಾಡಬೇಡ. ಹೊಸ ನಂಬರ್ ಕೊಟ್ಟರೆ ಒಬ್ಬನೇ ಹುಡುಗ ಎರಡು ಕಡೆ ಇರ್ತಾನೆ. ಇಲ್ಲಿ ಹೊಸದಾಗಿ ಸೇರಿದವನು, ಅಲ್ಲಿ ಶಾಲೆ ಬಿಟ್ಟವನು. ಆ ಊರಿನ ಮೇಷ್ಟ್ರು ಇಲ್ಲದ ಹುಡುಗನನ್ನ ಹುಡುಕಿಕೊಂಡು ಮನೆ ಬಾಗಿಲಿಗೆ ಹೋಗ್ತಾರೆ. ಇವನು ಮುಂದೆ ಹೈಸ್ಕೂಲಿಗೆ ಹೋದಾಗ ಎರಡು ನಂಬರಿನ ಗಂಟು ಬಿಚ್ಚೋರು ಯಾರು? ಹಳೇ ಶಾಲೆಗೆ ಫೋನ್ ಮಾಡು. ಅವರು ಅಲ್ಲಿಂದ ಆನ್‌ಲೈನ್‌ನಲ್ಲಿ ಟಿ.ಸಿ. ಹಾಕಿದರೆ ಅದೇ ನಂಬರಿನಲ್ಲಿ ಇಲ್ಲಿ ತೊಗೋಬಹುದು.

— ಬೆಳಗ್ಗೆ ಫೋನ್ ಮಾಡಿದೆ. ಅಪ್ಪನಿಗೆ ಊರಿನ ಮೇಷ್ಟ್ರ ನಂಬರ್ ಗೊತ್ತಿತ್ತು. ಸ್ಯಾಟ್ಸ್ ನಂಬರ್ ಸಿಕ್ಕಿತು.

— ನಂಬರ್ ತೊಗೊಂಡು ಇಟ್ಟುಬಿಟ್ಟೆಯಾ?

— ಇಲ್ಲ, ಸ್ವಲ್ಪ ಮಾತಾಡಿದೆ. ಮೂರನೇ ಕ್ಲಾಸಿನವರೆಗೂ ನಲಿ-ಕಲಿಯಲ್ಲಿ ಚೆನ್ನಾಗಿದ್ದನಂತೆ. ಕಾರ್ಡು ಮುಗಿಸೋದರಲ್ಲಿ ಮುಂದು. ನಾಲ್ಕಕ್ಕೆ ಬಂದ ಮೇಲೆ ಅಕ್ಟೋಬರ್ ರಜೆ ಮುಗಿದರೂ ವಾಪಸ್ ಬರಲಿಲ್ಲವಂತೆ, ಹತ್ತಿ ಬಿಡಿಸೋಕೆ ಹೋಗ್ತಿದ್ದ ಅಂದರು. ಆಮೇಲೆ ಇಲ್ಲಿಗೆ ಬಂದದ್ದೇ. ಅಂದರೆ ನಾಲ್ಕನೇ ಕ್ಲಾಸು ಅವನಿಗೆ ನಾಲ್ಕು ತಿಂಗಳು ಆಗಿದೆ, ಅಷ್ಟೆ.

— ಇದು ಮಾತು. ನಲಿ-ಕಲಿಯಿಂದ ಬಂದ ಮಗು ಅಂದರೆ ಅದಕ್ಕೆ ತನ್ನ ಪಾಡಿಗೆ ಏಣಿ ಹತ್ತೋದು ರೂಢಿ. ಮೈಲಿಗಲ್ಲು ಎಲ್ಲಿಗೆ ನಿಂತಿತ್ತೋ, ಹತ್ತು ದಿನ ಬಿಟ್ಟು ಬಂದರೂ ಅಲ್ಲಿಂದಲೇ ಮುಂದುವರೀಬಹುದು. ಗುಳೆ ಹೋಗೋ ಮಕ್ಕಳಿಗೆ ಅದು ಎಷ್ಟು ಅನುಕೂಲ ಅಂತ ಹೊರಗಿನವರಿಗೆ ಗೊತ್ತಾಗಲ್ಲ. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೆ ಎಲ್ಲರಿಗೂ ಒಂದೇ ಪಾಠ, ಒಂದೇ ಪುಟ. ಬಿಟ್ಟವನು ಬಿಟ್ಟ ಹಾಗೇ. ಸರಿ, ಹುಡುಗನನ್ನ ಕೂರಿಸಿಕೊಂಡು ಏನಾದರೂ ನೋಡಿದೆಯಾ?

— ಬೋರ್ಡ್ ಮೇಲಿದ್ದದ್ದನ್ನ ಬರಕೊಂಡ. ಅಕ್ಷರ ಮುತ್ತಿನ ಹಾಗಿದೆ.

— ಅದನ್ನ ನಂಬಬೇಡ. ನೋಡಿ ಬರೆಯೋದಕ್ಕೆ ಓದೋಕೆ ಬರಬೇಕು ಅಂತೇನಿಲ್ಲ. ಎಷ್ಟೋ ಮಕ್ಕಳು ವರ್ಷಗಟ್ಟಲೆ ಚಿತ್ರ ಬಿಡಿಸಿದ ಹಾಗೆ ಬರಕೊಂಡು ಹೋಗಿರ್ತವೆ, ನೋಟ್‌ಬುಕ್ ನೋಡಿದವರು ಜಾಣ ಅಂತಾರೆ. ಪಾಠದ ಮೊದಲ ಸಾಲು ಓದಿಸಿದರೂ ಗೊತ್ತಾಗಲ್ಲ, ಅದು ಬಾಯಿಪಾಠ ಆಗಿರುತ್ತೆ. ಅವನು ನೋಡದೇ ಇರೋ ಪುಸ್ತಕ ತೆಗೆದು ನಡುವಿನ ಒಂದು ಸಾಲಿನ ಮೇಲೆ ಬೆರಳಿಡು. ಆಮೇಲೆ ಕೊನೇ ಸಾಲಿಗೆ ಹೋಗು.

— ಓದು ಹಾಗೇ ನೋಡಿದೆ ಮೇಡಂ. ನಿಧಾನ, ಒತ್ತಕ್ಷರದ ಹತ್ತಿರ ನಿಲ್ತಾನೆ, ಆದರೆ ಓದ್ತಾನೆ. ಲೆಕ್ಕದಲ್ಲೇ ತೊಂದರೆ. 402ರಲ್ಲಿ 157 ಕಳೆ ಅಂದೆ. 355 ಅಂತ ಬರೆದ.

— ಹೂಂ. ಮೇಲೆ ಕೆಳಗೆ ನೋಡದೆ ದೊಡ್ಡದರಲ್ಲಿ ಚಿಕ್ಕದು ಕಳೆದಿದ್ದಾನೆ. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಸೊನ್ನೆ ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ಕಳೆಯೋದು ಬರುತ್ತೆ, ದಶಕ ತೊಗೊಳ್ಳೋದು ಬರಲ್ಲ. ಅದರಲ್ಲೂ ನಡುವೆ ಸೊನ್ನೆ ಇದ್ದಾಗ ನೂರರ ಮನೆಯಿಂದ ಹತ್ತರ ಮನೆಗೆ, ಅಲ್ಲಿಂದ ಬಿಡಿಗೆ ಎರಡು ಸಲ ಬಿಚ್ಚಬೇಕು. 364ರಲ್ಲಿ 128 ಕೊಟ್ಟು ನೋಡು. ಅದು 236 ಅಂತ ಸರಿಯಾಗಿ ಬಂದರೆ ಅವನಿಗೆ ತೊಂದರೆ ಇರೋದು ಸೊನ್ನೆಯ ಹತ್ತಿರ ಮಾತ್ರ. ಅದೂ ತಪ್ಪಿದರೆ ಕಡ್ಡಿ ಕಟ್ಟಿನಿಂದ ಶುರು ಮಾಡಬೇಕು.

— ಕೊಟ್ಟೆ. ಅದು ಸರಿ ಬಂತು.

— ಹಾಗಾದರೆ ಎರಡು ವಾರದ ಕೆಲಸ. ಕ್ಲಾಸು ಈಗ ಎಲ್ಲಿದೆ?

— ಭಾಗ-2ರ ಪುಸ್ತಕ ಶುರು ಮಾಡಿದ್ದೀವಿ. ಭಿನ್ನರಾಶಿ ನಡೀತಿದೆ. ಭಾಗಾಕಾರ ಮುಗಿದಿದೆ, ಅದು ಅವನಿಗೆ ಆಗಿಲ್ಲ. ಭಾಗಾಕಾರ ಮಾಡಬೇಕಾದರೆ ಈ ಕಳೆಯೋ ಲೆಕ್ಕ ಬರಬೇಕು.

— ಭಿನ್ನರಾಶಿಗೆ ಅವನನ್ನ ಈಗಲೇ ಕೂರಿಸು. ಕಾಲು, ಅರೆ, ಮುಕ್ಕಾಲು ಹೊಸದಾಗಿ ಶುರು, ಅಲ್ಲಿ ಅವನೂ ಬೇರೆಯವರ ಜೊತೆಗೇ ಇರ್ತಾನೆ. ಹಿಂದಿನದು ಮುಗಿಯೋವರೆಗೂ ಮುಂದಿನದಕ್ಕೆ ಬರಬೇಡ ಅಂತ ಮೂಲೆಯಲ್ಲಿ ಕೂರಿಸಿದರೆ ಏಪ್ರಿಲ್‌ವರೆಗೂ ಮೂಲೆಯಲ್ಲೇ ಇರ್ತಾನೆ. ಈಗ ನಿನ್ನ ಪತ್ರಕ್ಕೆ ಬರೋಣ. ಇದುವರೆಗೆ ಮಾತಾಡಿದ್ದೆಲ್ಲ ಪತ್ರದ್ದೇ, ಅದು ನಿನಗೆ ಗೊತ್ತಾಯ್ತೋ ಇಲ್ಲವೋ.

— ಇದನ್ನೆಲ್ಲ ಸ್ವಾಗತ ಪತ್ರದಲ್ಲಿ ಬರೀಬೇಕಾ?

— ಮತ್ತೇನು ಬರೀತೀಯ? ಆ ಹುಡುಗ ರಾತ್ರಿ ಶೆಡ್ಡಿನಲ್ಲಿ ಮಲಗಿಕೊಂಡು ಏನು ಯೋಚಿಸ್ತಿರ್ತಾನೆ ಅಂದುಕೊಂಡಿದ್ದೀಯ, ಉಜ್ವಲ ಭವಿಷ್ಯಾನಾ? ಎಲ್ಲಿ ಕೂರಬೇಕು, ಊಟಕ್ಕೆ ತಟ್ಟೆ ತರಬೇಕಾ, ಒಂದಕ್ಕೆ ಎಲ್ಲಿ ಹೋಗಬೇಕು, ಬಟ್ಟೆ ಬೇರೆ ಬಣ್ಣ ಇದ್ದರೆ ನಗ್ತಾರಾ, ಇಷ್ಟು ದಿನದ ನೋಟ್ಸ್ ಯಾವಾಗ ಬರೆಯೋದು, ಇದೇ. ಜೂನ್‌ನಲ್ಲಿ ಸೇರಿದ ಮಗು ಇದನ್ನೆಲ್ಲ ಯಾರನ್ನೂ ಕೇಳದೆ ನಾಲ್ಕು ಜನರ ಜೊತೆ ಅಡ್ಡಾಡಿ ಕಲಿತಿರುತ್ತೆ. ನಡುವೆ ಬಂದವನು ಒಂದೊಂದನ್ನೂ ಬಾಯಿಬಿಟ್ಟು ಕೇಳಬೇಕು. ಹೊಸ ಮಗು ಕೇಳಲ್ಲ. ಒಂದಕ್ಕೆ ತಡಕೊಂಡು ಕೂತಿರುತ್ತೆ, ಮೂರನೇ ದಿನ ಹೊಟ್ಟೆನೋವು ಅಂತ ಬರೋದೇ ಇಲ್ಲ. ನಾವು ಹೊಂದಿಕೊಳ್ಳಲಿಲ್ಲ ಅಂತ ಷರಾ ಬರೀತೀವಿ.

— ನೋಟ್ಸ್ ವಿಷಯ ಹೇಳಿದಿರಲ್ಲ, ನಾನೇ ನಿನ್ನೆ ಒಬ್ಬಳಿಗೆ ನಿನ್ನ ನೋಟ್ಸ್ ಇವನಿಗೆ ಕೊಡು ಅಂತ ಹೇಳಬೇಕು ಅಂತಿದ್ದೆ.

— ಎಲ್ಲರೂ ಹೇಳ್ತಾರೆ. ಜೂನ್‌ನಿಂದ ನಾಲ್ಕು ವಿಷಯದ ಪ್ರಶ್ನೋತ್ತರ ಕೂತು ಇಳಿಸು ಅನ್ನೋದು. ನಡುವೆ ಬಂದದ್ದಕ್ಕೆ ಅದೊಂದು ದಂಡ. ಓದದ ಪಾಠದ ಉತ್ತರ ಬರೆದರೆ ಬೆರಳು ನೋಯುತ್ತೆ, ಅಷ್ಟೆ. ನೋಟ್ಸ್ ಯಾಕೆ ಬೇಕು ನಿನಗೆ, ಹೇಳು. ಸಿ.ಆರ್.ಪಿ. ಬಂದಾಗ ತೋರಿಸೋಕೆ. ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಸೇರಿದ ತಾರೀಖು ಬರೆದು ನೀನು ಸಹಿ ಮಾಡು. ಕೇಳಿದವರಿಗೆ ಅದೇ ಉತ್ತರ. ಪತ್ರದಲ್ಲಿ ಇದನ್ನ ಸ್ಪಷ್ಟವಾಗಿ ಬರಿ, ಯಾಕಂದರೆ ನೀನು ಹೇಳದೇ ಇದ್ದರೂ ಪಕ್ಕದ ಮಗು ಹೇಳಿಬಿಡುತ್ತೆ.

— ಹಾಜರಿ ಬಗ್ಗೆ ಒಂದು ಬರೆಯೋಣ ಅನ್ನಿಸ್ತಿದೆ. ರಿಜಿಸ್ಟರಿನಲ್ಲಿ ಅವನ ಹೆಸರು ಕೊನೇ ಸಾಲಿಗೆ ಬರುತ್ತೆ, ಹುಡುಗಿಯರ ಹೆಸರೆಲ್ಲ ಮುಗಿದ ಮೇಲೆ. ಎಲ್ಲರೂ ತಿರುಗಿ ನೋಡ್ತಾರೆ.

— ಬರಿ, ಚೆನ್ನಾಗಿದೆ. ನನಗೆ ಹೊಳೆದಿರಲಿಲ್ಲ. ಆದರೆ ಪರೀಕ್ಷೆ ವಿಷಯ ಪತ್ರದಲ್ಲಿ ಬೇಡ. ಬಂದ ದಿನವೇ ಹೆದರಿಸಿದ ಹಾಗೆ.

— ಅದನ್ನ ನಾನು ಒಪ್ಪಲ್ಲ ಮೇಡಂ. ಜನವರಿಯಲ್ಲಿ ಕಿರುಪರೀಕ್ಷೆ ಇದೆ ಅಂತ ಮಕ್ಕಳು ಮೊದಲ ಗಂಟೆಯಲ್ಲೇ ಅವನಿಗೆ ಹೇಳ್ತಾರೆ. ಪಬ್ಲಿಕ್ ಪರೀಕ್ಷೆ ಅಂತೆ, ಫೇಲ್ ಮಾಡ್ತಾರಂತೆ ಅಂತ ಬೇರೆ ಸೇರಿಸ್ತಾರೆ. ಐದನೇ ಕ್ಲಾಸಿನ ಪರೀಕ್ಷೆ ಗಲಾಟೆ ಕೋರ್ಟಿನವರೆಗೆ ಹೋದ ಮೇಲೆ ಮಕ್ಕಳ ಬಾಯಲ್ಲಿ ಅದೇ. ನಾನು ಬರೆಯದೇ ಇದ್ದರೆ ಅವನಿಗೆ ಗೊತ್ತಿರೋದು ಅವರು ಹೇಳಿದ್ದು ಮಾತ್ರ.

— ಹೂಂ... ಆಗಲಿ. ಎರಡೇ ಸಾಲು. ಅವನು ಕಲಿತದ್ದರ ಮೇಲೆ ಮಾತ್ರ ಪ್ರಶ್ನೆ ಕೊಡ್ತೀನಿ ಅಂತ ಬರೆದರೆ ಹಾಗೇ ಮಾಡಬೇಕು, ಆಮೇಲೆ ಎಲ್ಲರ ಪೇಪರ್ರೇ ಅವನಿಗೂ ಕೊಡಬಾರದು.

— ಕಿರುಪರೀಕ್ಷೆ ಪ್ರಶ್ನೆ ನಾನೇ ತೆಗೆಯೋದು, ಕೊಡಬಹುದು. ನಾಲ್ಕನೇ ಕ್ಲಾಸಿನಲ್ಲಿ ಯಾರನ್ನೂ ಹಿಂದೆ ಉಳಿಸೋ ಹಾಗಿಲ್ಲ, ಅದನ್ನೂ ಧೈರ್ಯವಾಗಿ ಬರೀಬಹುದು. ಇನ್ನೊಂದು, ಪತ್ರವನ್ನ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಓದಿ ಅವನ ಕೈಗೆ ಕೊಡೋಣ ಅಂತ...

— ಓದಬೇಡ. ಚಪ್ಪಾಳೆ ತಟ್ಟಿಸಬೇಡ. "ದೂರದ ಯಾದಗಿರಿಯಿಂದ ಬಂದಿರುವ, ಇಟ್ಟಿಗೆ ಗೂಡಿನಲ್ಲಿರುವ" ಅಂತ ಒಂದು ಸಲ ಮೈಕಿನಲ್ಲಿ ಬಂದರೆ ಆಮೇಲೆ ಅವನಿಗೆ ಅದೇ ಹೆಸರು. ಪತ್ರದಲ್ಲೂ ಗೂಡಿನ ಮಾತು ಬರಬಾರದು. ಶೆಡ್ಡು, ಗುಳೆ, ಯಾವುದೂ ಬೇಡ. ಕೈಗೆ ಕೊಡು, ಪಕ್ಕದಲ್ಲಿ ಕೂತು ಮೊದಲ ಎರಡು ಸಾಲು ನೀನೇ ಓದಿ ಹೇಳು, ಉಳಿದದ್ದು ಅವನೇ ನೋಡಿಕೊಳ್ತಾನೆ. ದೊಡ್ಡ ಅಕ್ಷರ, ಸಾಲಿಗೊಂದು ವಾಕ್ಯ.

— ಅಪ್ಪನಿಗೆ ಓದೋಕೆ ಬರಲ್ಲ.

— ಫೋನ್ ಇದೆಯಲ್ಲ. ಅದೇ ಪತ್ರವನ್ನ ನಿನ್ನ ಧ್ವನಿಯಲ್ಲಿ ವಾಟ್ಸಾಪ್‌ಗೆ ಕಳಿಸು. ಅಪ್ಪನಿಗೆ ಮಾತ್ರ ಎರಡು ಮಾತು ಸೇರಿಸು. ಟಿ.ಸಿ. ತರೋಕೆ ಅಂತ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿಕೊಂಡು ಸುರಪುರಕ್ಕೆ ಹೋಗೋದು ಬೇಡ, ಶಾಲೆಯವರೇ ಮಾತಾಡಿದ್ದೀವಿ ಅಂತ ಒಂದು. ಊರಿಗೆ ಹೊರಡೋ ಮುಂಚೆ ಒಂದು ಮಾತು ಹೇಳಿ ಹೋಗಿ ಅಂತ ಇನ್ನೊಂದು. ಈ ಎರಡನೆಯದು ಮುಖ್ಯ. ಲೆಕ್ಕ ಚುಕ್ತಾ ಆದ ರಾತ್ರಿಯೇ ಲಾರಿ ಹತ್ತಿಬಿಡ್ತಾರೆ, ಬೆಳಗ್ಗೆ ನೋಡಿದರೆ ಬೆಂಚು ಖಾಲಿ.

— ಈಗ ಬರೆದು ಓದ್ತೀನಿ, ತಡೀರಿ.

"ಪ್ರೀತಿಯ (ಇಲ್ಲಿ ಅವನ ಹೆಸರು),

ನಾನು ನಿನ್ನ ಕ್ಲಾಸ್ ಟೀಚರ್. ಇಲ್ಲಿಯ ಮಕ್ಕಳು ನನ್ನನ್ನು ಮಿಸ್ ಅನ್ನುತ್ತಾರೆ. ನಿಮ್ಮ ಊರಿನಲ್ಲಿ ಕರೆಯುವ ಹಾಗೆ ಅಕ್ಕೋರು ಅಂದರೂ ಸರಿ.

ನೀನು ಕಿಟಕಿ ಪಕ್ಕ ಎರಡನೇ ಸಾಲಿನಲ್ಲಿ ಕೂರುತ್ತೀಯ. ಆ ಜಾಗ ನಿನ್ನದು. ನಿನ್ನ ಪಕ್ಕ ಕೂರುವ ಹುಡುಗ ನೀನು ಬರುವ ದಾರಿಯಲ್ಲೇ ಬರುತ್ತಾನೆ. ರಸ್ತೆಯಲ್ಲಿ ಟಿಪ್ಪರ್ ಓಡಾಡುತ್ತವೆ, ಇಬ್ಬರೂ ಜೊತೆಗೆ ಬನ್ನಿ.

ಹಾಜರಿಯಲ್ಲಿ ನಿನ್ನ ಹೆಸರು ಕೊನೆಗೆ ಬರುತ್ತದೆ. ಉಳಿದವರ ಹೆಸರು ಜೂನ್ ತಿಂಗಳಿನಲ್ಲೇ ಬರೆದಿದ್ದೆ, ಅದಕ್ಕೆ.

ಬೆಳಗ್ಗೆ ಹಾಲು ಕೊಡುತ್ತಾರೆ. ಕೆಲವು ದಿನ ರಾಗಿ ಮಾಲ್ಟ್ ಇರುತ್ತದೆ. ಮಧ್ಯಾಹ್ನ ಊಟ ಇದೆ. ತಟ್ಟೆ, ಲೋಟ ಇಲ್ಲೇ ಇವೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಹುಡುಗರ ಶೌಚಾಲಯ ನೀರಿನ ತೊಟ್ಟಿಯ ಆಚೆ ಇದೆ. ಪಾಠ ನಡೆಯುವಾಗ ಹೋಗಬೇಕಾದರೆ ಕೈ ಎತ್ತಿ ಎದ್ದು ಹೋಗು.

ಯೂನಿಫಾರ್ಮ್ ಸಿಗುವವರೆಗೆ ನಿನ್ನ ಬಟ್ಟೆಯಲ್ಲೇ ಬಾ. ಪುಸ್ತಕ ನಾನು ಕೊಡುತ್ತೇನೆ.

ಹಳೆಯ ನೋಟ್ಸ್ ಬರೆಯಬೇಡ. ಯಾರಾದರೂ ಬರಿ ಅಂದರೆ ಮಿಸ್ ಬೇಡ ಅಂದಿದ್ದಾರೆ ಅನ್ನು.

ನಾವು ಈಗ ಅರ್ಧ, ಕಾಲು, ಮುಕ್ಕಾಲು ಕಲಿಯುತ್ತಿದ್ದೇವೆ. ನೀನೂ ನಮ್ಮ ಜೊತೆ ಕಲಿ. ನಡುವೆ ಸೊನ್ನೆ ಬರುವ ಕಳೆಯುವ ಲೆಕ್ಕವನ್ನು ಊಟ ಆದ ಮೇಲೆ ನಾನೂ ನೀನೂ ಮಾಡೋಣ. ಇನ್ನೂ ಇಬ್ಬರು ನಮ್ಮ ಜೊತೆ ಇರುತ್ತಾರೆ.

ಜನವರಿಯಲ್ಲಿ ಒಂದು ಸಣ್ಣ ಪರೀಕ್ಷೆ ಇದೆ. ನೀನು ಇಲ್ಲಿ ಕಲಿತದ್ದನ್ನು ಮಾತ್ರ ಕೇಳುತ್ತೇನೆ. ಈ ಕ್ಲಾಸಿನಲ್ಲಿ ಯಾರನ್ನೂ ಫೇಲ್ ಮಾಡುವುದಿಲ್ಲ.

ಇತಿ,
ನಿನ್ನ ಟೀಚರ್"

— "ಇನ್ನೂ ಇಬ್ಬರು" ಅಂತ ಯಾಕೆ ಸೇರಿಸಿದೆ?

— ಕ್ಲಾಸಿನಲ್ಲಿ ಆ ಸೊನ್ನೆ ಲೆಕ್ಕ ಬರದವರು ಅವನೊಬ್ಬನೇ ಅಲ್ಲ ಮೇಡಂ. ಜೂನ್‌ನಿಂದ ಇಲ್ಲೇ ಕೂತವರಲ್ಲೂ ಇದ್ದಾರೆ. ಒಬ್ಬನನ್ನೇ ಉಳಿಸಿಕೊಂಡರೆ ಅದು ಅವನಿಗೆ ಶಿಕ್ಷೆ ಥರ ಕಾಣುತ್ತೆ.

— ಭೇಷ್. ಪ್ರೀತಿ ಅನ್ನೋ ಮಾತು ಮೊದಲನೇ ಸಾಲಿನಲ್ಲಿ ಒಂದು ಸಲ ಬಂದಿದೆ, ಸಾಕು ಅದು. "ಆ ಜಾಗ ನಿನ್ನದು" ಅಂತ ಬರೆದಿದ್ದೀಯ, ನಾಳೆ ಯಾವನಾದರೂ ಜೋರು ಮಾಡಿ ಅಲ್ಲಿ ಕೂತರೆ ಎಬ್ಬಿಸೋ ಕೆಲಸ ನಿನ್ನದು. ಊಟ ಆದ ಮೇಲೆ ಅಂದಿದ್ದೀಯ, ಆ ಹೊತ್ತಿಗೆ ಸ್ಯಾಟ್ಸ್ ಎಂಟ್ರಿ, ಮೊಟ್ಟೆ ಲೆಕ್ಕ, ಆನ್‌ಲೈನ್ ಮೀಟಿಂಗು ಎಲ್ಲ ಬಂದು ಬೀಳುತ್ತೆ.

— ಹದಿನೈದು ನಿಮಿಷ ತೆಗೀತೀನಿ. ಒಂದು ದಿನ ಆಗದೇ ಹೋದರೆ ಆಗಲ್ಲ ಅಂತ ಅವನಿಗೆ ಮೊದಲೇ ಹೇಳ್ತೀನಿ.

— ಸರಿ. ಈಗ ಕಾಗದ ತಿರುಗಿಸು. ಹಿಂದೆ ಖಾಲಿ ಬಿಟ್ಟಿದ್ದೀಯಲ್ಲ, ಅಲ್ಲಿ ಬರಿ. ಅವನ ಸ್ಯಾಟ್ಸ್ ನಂಬರ್. ನಮ್ಮ ಶಾಲೆಯ ಡೈಸ್ ಕೋಡ್. ಶಾಲೆಯ ಫೋನ್ ನಂಬರ್. ಸೇರಿದ ತಾರೀಖು. ಅದರ ಕೆಳಗೆ ಒಂದು ಗೆರೆ ಎಳೆದು, "ಹೊರಡುವಾಗ" ಅಂತ ಬರೆದು ನಾಲ್ಕು ಸಾಲು ಜಾಗ ಬಿಡು.

— ಸ್ವಾಗತದ ಪತ್ರದಲ್ಲೇ ಹೊರಡೋ ಮಾತಾ?

— ಹಿಂದಿನ ಮಗ್ಗುಲಲ್ಲಿ. ಅವನು ಮಾರ್ಚ್‌ನಲ್ಲಿ ಹೋಗಬಹುದು, ಮೇನಲ್ಲಿ ಹೋಗಬಹುದು, ಮುಂದಿನ ವರ್ಷ ಈ ಗೂಡು ಬಿಟ್ಟು ವೈಟ್‌ಫೀಲ್ಡ್ ಕಡೆ ಕಟ್ಟಡದ ಕೆಲಸಕ್ಕೆ ಇಳೀಬಹುದು. ಇನ್ನೊಬ್ಬ ಟೀಚರ್ ಎದುರು ಅಪ್ಪ ಮತ್ತೆ ಬರೀ ಆಧಾರ್ ಕಾರ್ಡ್ ಹಿಡಕೊಂಡು ನಿಲ್ತಾನೆ. ಈ ಕಾಗದ ಹುಡುಗನ ಚೀಲದಲ್ಲಿದ್ದರೆ ಆಕೆ ನಿನಗೆ ಫೋನ್ ಮಾಡ್ತಾಳೆ. ನೀನು ಸುರಪುರಕ್ಕೆ ಮಾಡಿದ ಹಾಗೆ ಹುಡುಕಾಡಬೇಕಾಗಿಲ್ಲ. ಆ ನಾಲ್ಕು ಸಾಲಿನಲ್ಲಿ ಲೆಕ್ಕ ಎಲ್ಲಿಗೆ ಬಂತು, ಓದು ಹೇಗಿದೆ, ಏನು ಬಾಕಿ ಅಂತ ಬರೆದು ಕೊಡು. "ಉತ್ತಮ" ಅಂತ ಬರೆದರೆ ಆಕೆಗೆ ಉಪಯೋಗ ಇಲ್ಲ. 402ರ ಲೆಕ್ಕ ಬರುತ್ತೆ, ಭಾಗಾಕಾರದಲ್ಲಿ ಶೇಷ ಬಂದರೆ ತಡವರಿಸ್ತಾನೆ, ಹೀಗೆ.

— ಆಗಲಿ. ಸಂಜೆ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿಬಿಡ್ತೀನಿ, ಬೆವರು, ಮಣ್ಣು ತಾಗಿ ಹರಿದುಹೋಗದ ಹಾಗೆ.

— ಅಯ್ಯೋ, ಲ್ಯಾಮಿನೇಷನ್ ಮಾಡಿಸಿದರೆ ಹಿಂದೆ ಬರೆಯೋದು ಹೇಗಮ್ಮ? ಪ್ಲಾಸ್ಟಿಕ್ ಕವರ್ ಸಿಗುತ್ತೆ, ಅದರಲ್ಲಿ ಹಾಕಿ ಕೊಡು.